ವೆಬಿನಾರ್ ಫನಲ್: ನೋಂದಣಿಯಿಂದ ಫೀ ಕಟ್ಟುವವರೆಗೆ ಜನ ಎಲ್ಲಿ ಕಳಚಿಕೊಳ್ಳುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಚಿತ ವೆಬಿನಾರ್ ಮಾಡಿ, ಅದರ ಕೊನೆಯಲ್ಲಿ ಕೋರ್ಸ್ ಮಾರುವ ಕನ್ನಡದ ಶಿಕ್ಷಕರು, ತರಬೇತುದಾರರು ನನ್ನ ಹತ್ತಿರ ಶೀಟ್ ಹಿಡಿದುಕೊಂಡು ಬರುತ್ತಾರೆ. ನೋಂದಣಿಯಿಂದ ಫೀವರೆಗೆ ಹಂತ ಹಂತವಾಗಿ ಜನ ಕಡಿಮೆಯಾಗುತ್ತ ಹೋಗುವ ಈ ದಾರಿಯನ್ನೇ ಫನಲ್ ಎನ್ನುವುದು. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಕನ್ನಡದಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕ ಕಲಿಸುವ ಕೋರ್ಸ್, ಫೀ 7,999 ರೂಪಾಯಿ, ಭಾನುವಾರ ಸಂಜೆ 7ಕ್ಕೆ ಜೂಮ್ ವೆಬಿನಾರ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತು, ವಾಟ್ಸಾಪ್‌ನಲ್ಲಿ ನೆನಪೋಲೆ, ರೇಜರ್‌ಪೇ ಮೂಲಕ ಹಣ. ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನೇ ಜೋಡಿಸಿದವು. ನಿಮ್ಮ ಫಲಿತಾಂಶವನ್ನು ಇವುಗಳ ಜೊತೆ ಹೋಲಿಸಬೇಡಿ.

ನೋಂದಣಿ, ಹಾಜರಿ, ದಾಖಲಾತಿ ಎಂಬ ಮೂರು ಹಂತ ಸಾಲದೇ?

ವರದಿ ಕೊಡಲು ಸಾಕು, ತಪ್ಪು ಹುಡುಕಲು ಸಾಲದು. ಮೂರೇ ಹಂತ ಇಟ್ಟರೆ ನಮ್ಮ ಉದಾಹರಣೆ ಹೀಗೆ ಕಾಣುತ್ತದೆ: 1,880 ಜನ ನೋಂದಾಯಿಸಿದರು, 470 ಜನ ಬಂದರು, 30 ಜನ ಫೀ ಕಟ್ಟಿದರು. ಹಾಜರಿ ನೂರಕ್ಕೆ 25, ಬಂದವರಲ್ಲಿ ಫೀ ಕಟ್ಟಿದವರು ನೂರಕ್ಕೆ 6 ಚಿಲ್ಲರೆ. ಇದನ್ನು ನೋಡಿದ ಯಾರಾದರೂ "ಮುಕ್ಕಾಲು ಭಾಗ ಜನ ಬರಲೇ ಇಲ್ಲ, ಮೊದಲು ಅದನ್ನೇ ನೋಡೋಣ" ಅನ್ನುತ್ತಾರೆ.

ನಾನು ಬಂದವರು ಮತ್ತು ಕಟ್ಟಿದವರ ನಡುವೆ ಇನ್ನೆರಡು ಹಂತ ಸೇರಿಸುತ್ತೇನೆ. ಒಂದು, ಕೋರ್ಸಿನ ಬೆಲೆ ಹೇಳಿದ ನಿಮಿಷದಲ್ಲಿ ಇನ್ನೂ ಕೂತಿದ್ದವರು. ಇನ್ನೊಂದು, ಹಣ ಕಟ್ಟುವ ಪುಟದವರೆಗೆ ಹೋದವರು. ಆಗ ಸಾಲು ಹೀಗಾಗುತ್ತದೆ: 1,880, 470, 235, 60, 30. ಬಂದವರಲ್ಲಿ ಅರ್ಧ ಜನ ಬೆಲೆ ಕೇಳುವ ಮೊದಲೇ ಎದ್ದು ಹೋಗಿದ್ದಾರೆ. ಹಣ ಕಟ್ಟುವ ಪುಟ ತೆರೆದವರಲ್ಲೂ ಅರ್ಧ ಜನ ಕಟ್ಟದೆ ಹೋಗಿದ್ದಾರೆ. ಮೂರು ಹಂತದ ಶೀಟಿನಲ್ಲಿ ಈ ಎರಡೂ ನಷ್ಟಗಳು ಆ ನೂರಕ್ಕೆ 6ರೊಳಗೆ ಮುಚ್ಚಿಹೋಗಿರುತ್ತವೆ. ಹಾಗಾಗಿ "ಪಿಚ್ ಸರಿಯಿಲ್ಲ" ಎಂದು ಶಿಕ್ಷಕರ ಮೇಲೆ ದೂರು ಬರುತ್ತದೆ. ಪಿಚ್ ಎಂದರೆ ಬೆಲೆ ಹೇಳಿ ಕೋರ್ಸ್ ಕೊಳ್ಳಲು ಕರೆಯುವ ಮಾತು. ಅದನ್ನು ಕೇಳದವರನ್ನು ಅದರ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಜಾಹೀರಾತಿನ ಪುಟ 2,140 ನೋಂದಣಿ ಅನ್ನುತ್ತದೆ. ನೀವು 1,880 ಅನ್ನುತ್ತೀರಿ. ಉಳಿದವರು ಎಲ್ಲಿ?

2,140 ಎಂಬುದು ಸಾಲುಗಳ ಲೆಕ್ಕ, ಜನರ ಲೆಕ್ಕವಲ್ಲ. ಬುಧವಾರ ನೋಂದಾಯಿಸಿದವರೇ ಶನಿವಾರ ಇನ್ನೊಂದು ಜಾಹೀರಾತು ಕಂಡು ಮತ್ತೆ ನೋಂದಾಯಿಸುತ್ತಾರೆ. ಒಂದು ಸಲ +91 ಹಾಕಿ, ಇನ್ನೊಂದು ಸಲ ಸೊನ್ನೆ ಹಾಕಿ, ಮತ್ತೊಂದು ಸಲ ನಡುವೆ ಜಾಗ ಬಿಟ್ಟು ನಂಬರ್ ಬರೆಯುತ್ತಾರೆ. ಶೀಟಿಗೆ ಇವರು ಮೂರು ಜನ.

ನಮ್ಮಲ್ಲಿ ಇಮೇಲ್‌ಗಿಂತ ಫೋನ್ ನಂಬರನ್ನೇ ಗುರುತಾಗಿ ಹಿಡಿಯುವುದು ಒಳ್ಳೆಯದು. ಫೇಸ್‌ಬುಕ್ ಫಾರ್ಮ್‌ನಲ್ಲಿ ಇಮೇಲ್ ತಾನಾಗಿ ತುಂಬಿಕೊಳ್ಳುತ್ತದೆ. ಅದು ಎಷ್ಟೋ ವರ್ಷದ ಹಿಂದೆ ಖಾತೆ ತೆರೆದಾಗ ಕೊಟ್ಟದ್ದಿರಬಹುದು, ಈಗ ಯಾರೂ ನೋಡದ್ದಿರಬಹುದು. ಗೂಗಲ್ ಶೀಟ್‌ನಲ್ಲಿ ನಂಬರುಗಳನ್ನು ಒಂದೇ ರೂಪಕ್ಕೆ ತರಲು ಇಷ್ಟು ಸಾಕು:

```
=RIGHT(REGEXREPLACE(TO_TEXT(A2),"\D",""),10)
```

ಅಂಕಿಯಲ್ಲದ್ದನ್ನೆಲ್ಲ ತೆಗೆದು ಕೊನೆಯ ಹತ್ತು ಅಂಕಿ ಮಾತ್ರ ಉಳಿಸುತ್ತದೆ. ಉದಾಹರಣೆಯಲ್ಲಿ ಹೀಗೆ ಮಾಡಿದಾಗ 188 ಪುನರಾವರ್ತನೆ ಸಿಕ್ಕವು. ಇನ್ನೂ 72 ನಂಬರುಗಳಿಗೆ ಹತ್ತು ಅಂಕಿಯೇ ಇರಲಿಲ್ಲ, ಅಥವಾ 6, 7, 8, 9 ಬಿಟ್ಟು ಬೇರೆ ಅಂಕಿಯಿಂದ ಶುರುವಾಗಿದ್ದವು. ಭಾರತದ ಮೊಬೈಲ್ ನಂಬರ್ ಹಾಗೆ ಶುರುವಾಗುವುದಿಲ್ಲ. ದುಬೈ, ಮಸ್ಕತ್‌ನಲ್ಲಿರುವ ಕನ್ನಡಿಗರೂ ನಿಮ್ಮ ವೆಬಿನಾರ್‌ಗೆ ಬರುತ್ತಾರಾದರೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಾಕಬೇಡಿ. ಹೊರದೇಶದ ನಂಬರುಗಳನ್ನು ಮೊದಲೇ ಬೇರೆ ಕಾಲಂಗೆ ಎತ್ತಿಟ್ಟುಕೊಳ್ಳಿ.

ಜೂಮ್ ವರದಿಯಲ್ಲಿ 702 ಸಾಲು ಇದೆ. ಅಷ್ಟು ಜನ ಬಂದರು ಎಂದಲ್ಲವೇ?

ಅಲ್ಲ. ನೆಟ್‌ವರ್ಕ್ ಹೋಗಿ ಮತ್ತೆ ಒಳಗೆ ಬಂದರೆ ಅದೇ ವ್ಯಕ್ತಿಗೆ ಇನ್ನೊಂದು ಸಾಲು ಹುಟ್ಟುತ್ತದೆ. ಒಬ್ಬರ ಸಾಲುಗಳನ್ನು ಹತ್ತಿರದಿಂದ ನೋಡಿ: 7:02ಕ್ಕೆ ಒಳಗೆ, 7:41ಕ್ಕೆ ಹೊರಗೆ, 7:43ಕ್ಕೆ ಒಳಗೆ, 8:31ಕ್ಕೆ ಹೊರಗೆ. ಇವರು ಎರಡು ನಿಮಿಷ ಬಿಟ್ಟರೆ ಒಂದೂವರೆ ಗಂಟೆ ಗಟ್ಟಿಯಾಗಿ ಕೂತವರು. ಸಾಲು ಎಣಿಸಿದರೆ ಇವರು 39 ನಿಮಿಷ ಕೂತ ಒಬ್ಬರು ಮತ್ತು 48 ನಿಮಿಷ ಕೂತ ಇನ್ನೊಬ್ಬರು. ಹಾಜರಿ ಜಾಸ್ತಿ ಕಾಣುತ್ತದೆ, ಕೂತ ಸಮಯ ಕಡಿಮೆ ಕಾಣುತ್ತದೆ, ಎರಡೂ ಸುಳ್ಳು. ಹಾಗಾಗಿ Time in Session (minutes) ಕಾಲಂನ ಸರಾಸರಿ ತೆಗೆಯುವ ಮೊದಲು ಒಬ್ಬೊಬ್ಬರ ಸಾಲುಗಳನ್ನೂ ಕೂಡಿಸಿಕೊಳ್ಳಬೇಕು.

ಹೀಗೆ ಒಟ್ಟುಮಾಡಿದಾಗ 702 ಸಾಲು 517 ಜನರಾದವು. ಅವರಲ್ಲಿ 470 ಜನ ನೋಂದಣಿ ಪಟ್ಟಿಯಲ್ಲಿ ಸಿಕ್ಕರು, 47 ಜನ ಸಿಗಲಿಲ್ಲ. ಸಿಗದವರು ಹೆಚ್ಚಾಗಿ ಯಾರೋ ಕಳಿಸಿದ ಲಿಂಕ್ ಒತ್ತಿ ಬಂದವರು. ಇವರನ್ನು ಬೇರೆ ಸಾಲಿನಲ್ಲಿ ಇಡಿ. ನೋಂದಣಿಯಲ್ಲಿ ಇಲ್ಲದವರನ್ನು ಹಾಜರಿಯ ಅಂಶಕ್ಕೆ ಸೇರಿಸಿದರೆ ಶೇಕಡಾವಾರು ಕೆಡುತ್ತದೆ. ಶುದ್ಧ ಮಾಡದೆ 702ನ್ನು 2,140ರಿಂದ ಭಾಗಿಸಿದ್ದರೆ ಹಾಜರಿ ನೂರಕ್ಕೆ 33ರ ಹತ್ತಿರ ಬರುತ್ತಿತ್ತು. ನಿಜವಾದದ್ದು 25.

ಒಂದು ಎಚ್ಚರಿಕೆ. ಎಲ್ಲರಿಗೂ ಒಂದೇ ಲಿಂಕ್ ಕೊಟ್ಟು ಸಾಮಾನ್ಯ ಜೂಮ್ ಮೀಟಿಂಗ್ ನಡೆಸಿದರೆ ವರದಿಯಲ್ಲಿ "ರೆಡ್ಮಿ", "ಐಫೋನ್", "ಅಮ್ಮ" ಅಂತ ಹೆಸರು ಬರುತ್ತವೆ. ಅವರನ್ನು ಯಾವ ನೋಂದಣಿಗೂ ಜೋಡಿಸಲು ಬರುವುದಿಲ್ಲ. ನೋಂದಣಿ ಆನ್ ಮಾಡಿ, ಒಬ್ಬೊಬ್ಬರಿಗೂ ಅವರದೇ ಲಿಂಕ್ ಹೋಗುವ ಹಾಗೆ ಮಾಡಿದ ಮೇಲೆಯೇ ಮುಂದಿನ ಲೆಕ್ಕವೆಲ್ಲ.

ಬರದ 1,410 ಜನರಿಗೆ ನೆನಪೋಲೆ ತಲುಪಿತ್ತೇ ಎಂದು ಹೇಗೆ ತಿಳಿಯುವುದು?

"ಕಳಿಸಿದ್ದೇವೆ" ಎಂಬ ಮಾತಿಗೆ ಬೆಲೆ ಇಲ್ಲ, "ತಲುಪಿದೆ" ಎಂಬುದನ್ನು ನೋಡಬೇಕು. ವಾಟ್ಸಾಪ್ ಬಿಸಿನೆಸ್ ಎಪಿಐ ಮೂಲಕ ಕಳಿಸಿದ ಪ್ರತಿ ಸಂದೇಶಕ್ಕೂ ಸ್ಥಿತಿ ಬರುತ್ತದೆ: sent, delivered, read, failed. ಇದರಲ್ಲಿ read ನಂಬಬೇಡಿ. ನೀಲಿ ಟಿಕ್ ಆಫ್ ಮಾಡಿಟ್ಟವರು ಓದಿದರೂ ಓದಿಲ್ಲ ಅಂತಲೇ ತೋರಿಸುತ್ತದೆ. delivered ನಂಬಬಹುದು.

ಉದಾಹರಣೆಯಲ್ಲಿ 1,560 ಜನರಿಗೆ ತಲುಪಿತು, ಅವರಲ್ಲಿ 450 ಜನ ಬಂದರು. 320 ಜನರಿಗೆ ತಲುಪಲಿಲ್ಲ, ಅವರಲ್ಲಿ ಬಂದವರು 20. ನೂರಕ್ಕೆ 29 ಎಲ್ಲಿ, 6 ಎಲ್ಲಿ! ಆದರೆ ಈ ಇಡೀ ಅಂತರವನ್ನು ನೆನಪೋಲೆಯ ಪುಣ್ಯ ಎನ್ನುವಂತಿಲ್ಲ. ತಲುಪದವರಲ್ಲಿ ಬೇರೆ ಯಾರದೋ ನಂಬರ್ ಬರೆದವರು, ವಾಟ್ಸಾಪ್ ಇಲ್ಲದವರು ಇರುತ್ತಾರೆ. ಅವರು ಮೊದಲಿನಿಂದಲೂ ಗಟ್ಟಿ ಮನಸ್ಸಿನವರಲ್ಲ.

ಅದಕ್ಕೇ ತಲುಪದ 320 ಜನರನ್ನು ಕಾರಣದ ಪ್ರಕಾರ ಒಡೆಯಬೇಕು. 131049 ಎಂಬ ದೋಷಸಂಖ್ಯೆ ಇದ್ದರೆ ನಂಬರ್ ಸರಿಯಿದೆ ಎಂದೇ ಇಟ್ಟುಕೊಳ್ಳಿ. ಒಬ್ಬ ವ್ಯಕ್ತಿಗೆ ಬರುವ ಮಾರ್ಕೆಟಿಂಗ್ ಸಂದೇಶಗಳಿಗೆ ಮೆಟಾ ಮಿತಿ ಹಾಕಿದೆ, ನಿಮ್ಮದು ಆ ಮಿತಿಗೆ ಸಿಕ್ಕಿ ನಿಂತಿದೆ ಎಂದರ್ಥ. ನಮ್ಮ 320ರಲ್ಲಿ ಇಂಥವರು 190 ಇದ್ದಾರೆ ಎನ್ನಿ. ಇವರು ಕೈಗೆ ಸಿಗುವ ಜನ. ಇವರಿಗೆ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬಹುದು (ಎಸ್‌ಎಂಎಸ್‌ಗೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಸಂದೇಶದ ಟೆಂಪ್ಲೇಟ್ ಮೊದಲೇ ಮಂಜೂರಾಗಿರಬೇಕು, ಭಾನುವಾರ ಸಂಜೆ ಓಡಾಡಿದರೆ ಆಗುವುದಿಲ್ಲ). ಇನ್ನೊಂದು ದಾರಿ, ನೆನಪೋಲೆಯಲ್ಲಿ ದಿನ, ಸಮಯ, ಲಿಂಕ್ ಮಾತ್ರ ಇಟ್ಟು ಪ್ರಚಾರವಲ್ಲದ ಸಂದೇಶಗಳ ಯುಟಿಲಿಟಿ ವರ್ಗದಲ್ಲಿ ಮಂಜೂರಾತಿ ಕೇಳುವುದು. "ಜೀವನ ಬದಲಿಸುವ ಅವಕಾಶ" ಎಂಬಂಥ ಒಂದು ಸಾಲು ಸೇರಿದರೂ ಅದು ಮಾರ್ಕೆಟಿಂಗ್ ವರ್ಗಕ್ಕೆ ಹೋಗಿಬಿಡುತ್ತದೆ.

ಇಷ್ಟಾದ ಮೇಲೆ ಸಂದೇಶ ತಲುಪಿಯೂ ಬರದವರಲ್ಲಿ ಇಪ್ಪತ್ತು ಜನರಿಗೆ ಸೋಮವಾರ ಫೋನ್ ಮಾಡಿ. ಪಟ್ಟಿಯನ್ನು ಕಲಸಿ ಇಪ್ಪತ್ತು ಆರಿಸಿ, ಮೇಲಿನ ಇಪ್ಪತ್ತು ಬೇಡ. "ಯಾಕೆ ಬರಲಿಲ್ಲ" ಎಂದು ಕೇಳಿದರೆ ಜನ ಸಂಕೋಚಪಟ್ಟು ಏನೋ ಒಂದು ಹೇಳುತ್ತಾರೆ. "ನಿನ್ನೆ ಏಳು ಗಂಟೆಗೆ ಏನು ಮಾಡ್ತಿದ್ರಿ ಸರ್?" ಎಂದು ಕೇಳಿ. ಆಗ ನಿಜ ಬರುತ್ತದೆ: ಅಂಗಡಿಯಲ್ಲಿದ್ದೆ, ಬಸ್ಸಿನಲ್ಲಿದ್ದೆ, ಲಿಂಕ್ ಒತ್ತಿದರೆ ಆ್ಯಪ್ ಡೌನ್‌ಲೋಡ್ ಕೇಳಿತು.

ಈ ವಾರ ಹಾಜರಿ ಬಿದ್ದಿದೆ. ಜಾಹೀರಾತು ಕೆಟ್ಟಿತೇ?

ಉತ್ತರ ಕೊಡುವ ಮೊದಲು ನಾನು ಒಂದನ್ನೇ ಕೇಳುತ್ತೇನೆ: ಈ ವಾರ ಜಾಹೀರಾತು ಯಾವತ್ತು ಶುರುಮಾಡಿದಿರಿ? ಇವತ್ತು ನೋಂದಾಯಿಸಿ ನಾಳೆ ಬರಬೇಕಾದವರಿಗೂ ಐದಾರು ದಿನ ಕಾಯಬೇಕಾದವರಿಗೂ ಹಾಜರಿಯಲ್ಲಿ ದೊಡ್ಡ ವ್ಯತ್ಯಾಸ ಇರುತ್ತದೆ. ಆಸೆ ಆರುತ್ತದೆ, ಮರೆವೂ ಬರುತ್ತದೆ.

ಮೊದಲ ವಾರ ಶನಿವಾರ-ಭಾನುವಾರ ನೋಂದಾಯಿಸಿದವರು 800, ಬಂದವರು 320, ಅಂದರೆ ನೂರಕ್ಕೆ 40. ಅದಕ್ಕೂ ಮೊದಲು ನೋಂದಾಯಿಸಿದವರು 1,080, ಬಂದವರು 150, ನೂರಕ್ಕೆ 14ರ ಹತ್ತಿರ. ಎರಡನೇ ವಾರ ಜಾಹೀರಾತನ್ನು ಸೋಮವಾರವೇ ಶುರುಮಾಡಿದರು. ತಡವಾಗಿ ನೋಂದಾಯಿಸಿದವರು 500, ಬಂದವರು 210, ನೂರಕ್ಕೆ 42. ಮೊದಲೇ ನೋಂದಾಯಿಸಿದವರು 1,500, ಬಂದವರು 225, ನೂರಕ್ಕೆ 15. ಎರಡೂ ಗುಂಪಿನ ಹಾಜರಿ ಏರಿದೆ. ಆದರೆ ಒಟ್ಟು ಹಾಜರಿ 25ರಿಂದ 22ಕ್ಕಿಂತ ಕೆಳಗೆ ಇಳಿದಿದೆ, ಏಕೆಂದರೆ 2,000 ಜನರಲ್ಲಿ ಕಾಯಬೇಕಾದವರ ಪಾಲು ದೊಡ್ಡದಾಯಿತು. ನೆನಪೋಲೆ ಬರೆದ ಹುಡುಗಿ ಒಳ್ಳೆಯ ಕೆಲಸ ಮಾಡಿದ್ದಳು, ಒಟ್ಟು ಅಂಕಿ ನೋಡಿದ್ದರೆ ಬೈಗುಳ ತಿನ್ನುತ್ತಿದ್ದಳು.

ಆದ್ದರಿಂದ ಎರಡು ವಾರಗಳ ಹಾಜರಿ ಹೋಲಿಸುವಾಗ ನೋಂದಣಿಯಿಂದ ವೆಬಿನಾರ್‌ವರೆಗಿನ ದಿನಗಳ ಪ್ರಕಾರ ಒಡೆದೇ ಹೋಲಿಸಿ. ಅದೇ ರೀತಿ ಫೇಸ್‌ಬುಕ್ ಒಳಗಿನ ಫಾರ್ಮ್ ತುಂಬಿದವರನ್ನೂ ನಿಮ್ಮ ಪುಟಕ್ಕೆ ಬಂದು ಟೈಪ್ ಮಾಡಿದವರನ್ನೂ ಬೇರೆ ಇಡಿ.

ಎಷ್ಟು ಹೊತ್ತಿಗೆ ಎಷ್ಟು ಜನ ಇದ್ದರು ಎಂಬ ರೇಖೆ ಬರೆಯುವುದು ಹೇಗೆ?

ಜೂಮ್ ವರದಿಯಲ್ಲಿ ಸೇರಿದ ಸಮಯ, ಬಿಟ್ಟ ಸಮಯ ಇರುತ್ತವೆ. B ಕಾಲಂನಲ್ಲಿ ಶುದ್ಧ ಮಾಡಿದ ಫೋನ್, Cಯಲ್ಲಿ ಸೇರಿದ್ದು, Dಯಲ್ಲಿ ಬಿಟ್ಟದ್ದು ಇಡಿ. H ಕಾಲಂನಲ್ಲಿ ಅದೇ ದಿನಾಂಕದೊಂದಿಗೆ 7:00, 7:01, 7:02 ಹೀಗೆ ಇಳಿಸಿ. ಪಕ್ಕದಲ್ಲಿ:

```
=COUNTUNIQUEIFS(B:B, C:C, "<="&H2, D:D, ">"&H2)
```

ಆ ನಿಮಿಷದಲ್ಲಿ ಒಳಗಿದ್ದ ಬೇರೆ ಬೇರೆ ಜನ ಎಷ್ಟು ಎಂಬುದು ಬರುತ್ತದೆ. ಫೋನಲ್ಲೂ ಲ್ಯಾಪ್‌ಟಾಪಲ್ಲೂ ಒಟ್ಟಿಗೆ ಕೂತವರು ಒಬ್ಬರೇ ಎಂದು ಎಣಿಕೆಯಾಗುತ್ತಾರೆ. ಇದನ್ನು ಚಾರ್ಟ್ ಮಾಡಿ, ಪಕ್ಕದಲ್ಲಿ ರೆಕಾರ್ಡಿಂಗ್ ಓಡಿಸಿಕೊಂಡು ನೋಡಿ.

ರೇಖೆ ನಿಧಾನವಾಗಿ ಇಳಿಯುತ್ತಿದ್ದರೆ ಅದು ಸಹಜ ಸವಕಳಿ. ಒಂದೇ ನಿಮಿಷದಲ್ಲಿ ಹೊಂಡ ಬಿದ್ದು ಮೂರು ನಾಲ್ಕು ನಿಮಿಷದಲ್ಲಿ ಮೇಲೆ ಬಂದರೆ ಕೇಳುವವರ ಕಡೆ ದೋಷವಿಲ್ಲ, ಮಾತಾಡುವವರ ನೆಟ್ಟೋ ಧ್ವನಿಯೋ ಹೋಗಿದೆ. ಹೊಂಡ ಬಿದ್ದು ಮತ್ತೆ ಏಳದಿದ್ದರೆ ಅಲ್ಲಿ ಏನು ಹೇಳುತ್ತಿದ್ದರು ಎಂದು ಕೇಳಿ ನೋಡಿ. ನಮ್ಮ ಉದಾಹರಣೆಯಲ್ಲಿ ಅದು 7:35ರಿಂದ 7:50ರವರೆಗೆ, ಶಿಕ್ಷಕರು ತಮ್ಮ ಅನುಭವ, ಪ್ರಶಸ್ತಿ, ಹಳೆಯ ವಿದ್ಯಾರ್ಥಿಗಳ ಫೋಟೋ ತೋರಿಸುತ್ತಿದ್ದ ಹದಿನೈದು ನಿಮಿಷ. ಟ್ಯಾಲಿಯಲ್ಲಿ ಒಂದು ಬಿಲ್ ಹಾಕಿ ತೋರಿಸುತ್ತಾರೆ ಎಂದು ಕಾದು ಕೂತವರು ಎದ್ದು ಹೋದರು. ಬೆಲೆ ಹೇಳಿದ್ದು 8:20ಕ್ಕೆ. ಆಗ ಉಳಿದಿದ್ದವರು 235.

ಇನ್ನೊಂದು ಆಕಾರವನ್ನು ನಾನು ಮರೆಯುವುದಿಲ್ಲ. ಬೇರೊಂದು ವೆಬಿನಾರ್‌ನಲ್ಲಿ ರೇಖೆ ಏರುತ್ತ ಹೋಗಿ ಇಪ್ಪತ್ತು ನಿಮಿಷ ಗೆರೆ ಎಳೆದಂತೆ ಚಪ್ಪಟೆಯಾಗಿ ನಿಂತಿತ್ತು. ವರದಿ ತೆರೆದರೆ ಸರಿಯಾಗಿ 500. ನಾವು ಕೊಂಡಿದ್ದ ಲೈಸೆನ್ಸ್ 500 ಜನರದು, ಒಬ್ಬರು ಬಿಟ್ಟರೆ ಒಬ್ಬರು ಒಳಗೆ ಬರುತ್ತಿದ್ದರು. ಬಾಗಿಲ ಹೊರಗೆ ನಿಂತವರನ್ನೆಲ್ಲ ನಾವು ಬಾರದವರ ಪಟ್ಟಿಗೆ ಸೇರಿಸಿ, ಅವರಿಗೆ "ನೀವು ಬರಲಿಲ್ಲ" ಎಂದು ಸಂದೇಶವನ್ನೂ ಕಳಿಸಿದ್ದೆವು. ಜೀವಂತ ಜನರ ರೇಖೆ ದುಂಡನೆಯ ಸಂಖ್ಯೆಯಲ್ಲಿ ಚಪ್ಪಟೆಯಾಗುವುದಿಲ್ಲ. ಹಾಗೆ ಚಪ್ಪಟೆಯಾಗಿದ್ದರೆ ಮೊದಲು ಲೈಸೆನ್ಸ್ ನೋಡಿ.

ಬೆಲೆ ಹೇಳಿದ ಕೂಡಲೇ ಜನ ಹೊರಟರು. ಬೆಲೆ ಜಾಸ್ತಿಯಾಯಿತೇ?

ಅಷ್ಟರಿಂದಲೇ ಹೇಳಲಾಗದು. ಬೆಲೆ ಕೇಳಿದ ಮೇಲೆ ಕೊಳ್ಳದವರು ಹೋಗುವುದು ಸಹಜ. ನೋಡಬೇಕಾದ್ದು ಆಗ ಕೂತಿದ್ದ 235 ಜನರಲ್ಲಿ ಎಷ್ಟು ಮಂದಿ ಕಟ್ಟಿದರು ಎಂಬುದನ್ನು. ನಮ್ಮಲ್ಲಿ 26, ನೂರಕ್ಕೆ 11. ಉಳಿದ ನಾಲ್ವರು ಬೇಗ ಹೋಗಿದ್ದರೂ ಆಮೇಲೆ ಫೋನಿನಲ್ಲಿ ಮಾತಾಡಿ ಕಟ್ಟಿದವರು. ಈ 11 ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಹಾಗೇ ಇದ್ದು, ದಾಖಲಾತಿ ಮಾತ್ರ ಕಡಿಮೆಯಾಗುತ್ತಿದ್ದರೆ ಬೆಲೆಯನ್ನೂ ಪಿಚ್ಚನ್ನೂ ಮುಟ್ಟಬೇಡಿ.

ಹಣ ಕಟ್ಟುವ ಪುಟದಲ್ಲಿ ಏನಾಯಿತೆಂದು ತಿಳಿಯುವುದು ಹೇಗೆ?

ರೇಜರ್‌ಪೇಯಲ್ಲಿ ಪ್ರತಿ ಆರ್ಡರ್‌ಗೂ ಮೂರರಲ್ಲಿ ಒಂದು ಸ್ಥಿತಿ ಇರುತ್ತದೆ. created ಎಂದರೆ ಪುಟದವರೆಗೆ ಬಂದರು, ಕಟ್ಟಲು ಕೈ ಹಾಕಲಿಲ್ಲ. attempted ಎಂದರೆ ಕಟ್ಟಲು ಹೋದರು, ಆಗಲಿಲ್ಲ. paid ಎಂದರೆ ಕಟ್ಟಿದರು. ಒಬ್ಬರೇ ಎರಡು ಮೂರು ಆರ್ಡರ್ ಹುಟ್ಟಿಸಿರುತ್ತಾರೆ, ಆದ್ದರಿಂದ ಇಲ್ಲೂ ಫೋನ್ ನಂಬರ್ ಮೇಲೆ ಒಟ್ಟುಮಾಡಿ. ಒಂದರಲ್ಲಿ paid ಇದ್ದರೂ ಅವರು ಕಟ್ಟಿದವರೇ. ಹೀಗೆ ಮಾಡಿದಾಗ 60 ಜನರಲ್ಲಿ 30 ಕಟ್ಟಿದ್ದಾರೆ, 12 ಜನ ನೋಡಿ ಹೋಗಿದ್ದಾರೆ, 18 ಜನ ಕಟ್ಟಲು ಹೋಗಿ ವಿಫಲರಾಗಿದ್ದಾರೆ.

ಈ 18 ಜನರ ಪಟ್ಟಿ ನಿಮ್ಮ ಇಡೀ ಶೀಟಿನಲ್ಲಿ ಅತ್ಯಂತ ಬೆಲೆಬಾಳುವ ಸಾಲುಗಳು. ಪಾವತಿಯ ದಾಖಲೆಯಲ್ಲಿ error_source, error_step, error_reason ಎಂಬ ಕಾಲಂಗಳಿವೆ. ದೋಷ ಗ್ರಾಹಕರ ಕಡೆಯದೋ ಬ್ಯಾಂಕಿನ ಕಡೆಯದೋ, ಯಾವ ಹೆಜ್ಜೆಯಲ್ಲಿ ನಿಂತಿತು ಎಂಬುದು ಅಲ್ಲಿ ಸಿಗುತ್ತದೆ. ಒಂದು ಕಾರಣವನ್ನು ಬಹಳ ಜನ ಊಹಿಸುವುದೇ ಇಲ್ಲ: ಹೊಸ ಫೋನಿನಲ್ಲಿ ಯುಪಿಐ ಹಾಕಿಕೊಂಡವರಿಗೆ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ. ಕೋರ್ಸ್ 7,999. "ಇವತ್ತು ರಾತ್ರಿ 12ರವರೆಗೆ ಮಾತ್ರ ಈ ಬೆಲೆ" ಎಂದು ನೀವು ಹೇಳಿದ್ದೀರಿ. ಅವರು ಏನು ಮಾಡಬೇಕು?

ಇಂಥವರಿಗೆ ಫೋನ್ ಮಾಡಿದರೆ ಬರುವ ಉತ್ತರ ಹೀಗಿರುತ್ತದೆ: "ಪಿನ್ ಹಾಕ್ದೆ ಮೇಡಂ, ಸುತ್ತುತಾನೇ ಇತ್ತು. ದುಡ್ಡು ಕಟ್ ಆಗಿದ್ರೆ ಅಂತ ಭಯ ಆಯ್ತು, ಮತ್ತೆ ಮಾಡಲಿಲ್ಲ." ಈಕೆಗೆ ಬೇಕಾದ್ದು ಇನ್ನೊಂದು ಪ್ರಚಾರದ ಸಂದೇಶವಲ್ಲ. "ನಿಮ್ಮ ಹಣ ನಮಗೆ ಬಂದಿಲ್ಲ. ಕಟ್ ಆಗಿದ್ದರೆ ಬ್ಯಾಂಕಿನಿಂದ ವಾಪಸ್ ಬರುತ್ತದೆ. ಈ ಬೆಲೆ ನಿಮಗೆ ನಾಳೆ ಸಂಜೆವರೆಗೂ ಇರುತ್ತದೆ" ಎಂಬ ಮಾತು ಅರ್ಧ ಗಂಟೆಯೊಳಗೆ ತಲುಪಬೇಕು. ಆ ರಾತ್ರಿ ಒಬ್ಬರು ಆ ಪುಟದ ಮುಂದೆ ಕೂತಿರಲೇಬೇಕು.

ಹಾಗಾದರೆ ಮೊದಲು ಯಾವ ಹಂತ ಸರಿಪಡಿಸಬೇಕು?

ಎಲ್ಲಿ ಹೆಚ್ಚು ಜನ ಕಳಚಿಕೊಂಡರು ಎಂದು ನೋಡಬೇಡಿ. ಸರಿಪಡಿಸಿದರೆ ಎಷ್ಟು ದಾಖಲಾತಿ ಸೇರುತ್ತದೆ ಎಂದು ನೋಡಿ. ಹಾಜರಿಯನ್ನು 25ರಿಂದ 30ಕ್ಕೆ ಏರಿಸಿದಿರಿ ಎನ್ನಿ, ಅದೇ ದೊಡ್ಡ ಸಾಹಸ. 94 ಜನ ಹೆಚ್ಚು ಬರುತ್ತಾರೆ. ಈಗ ಬಂದ 470ರಲ್ಲಿ 30 ಕಟ್ಟಿದ ಹಾಗೆಯೇ ಅವರೂ ಕಟ್ಟಿದರೆ 6 ದಾಖಲಾತಿ. ನಿಜದಲ್ಲಿ ಅಷ್ಟೂ ಬರಲಾರದು, ಎಳೆದು ತಂದವರು ತಾವಾಗಿ ಬಂದವರಷ್ಟು ಆಸಕ್ತರಲ್ಲ. ಇತ್ತ ಕಟ್ಟಲು ಹೋಗಿ ವಿಫಲರಾದ 18 ಜನರಲ್ಲಿ ಅರ್ಧ ಜನರನ್ನು ಹಿಡಿದುಕೊಂಡರೂ 9. ಫನಲ್‌ನಲ್ಲಿ 1,410 ಜನರ ನಷ್ಟಕ್ಕಿಂತ 18 ಜನರ ನಷ್ಟ ದೊಡ್ಡದು ಎಂಬುದು ಶೇಕಡಾವಾರು ಪಟ್ಟಿಯಲ್ಲಿ ಎಂದಿಗೂ ಕಾಣುವುದಿಲ್ಲ.

ಎರಡನೆಯದಾಗಿ ನಾನು ಆ 7:35ರ ಹೊಂಡವನ್ನು ಮುಟ್ಟುತ್ತೇನೆ. ಪರಿಚಯವನ್ನು ಐದು ನಿಮಿಷಕ್ಕಿಳಿಸಿ, ಬಿಲ್ ಹಾಕಿ ತೋರಿಸುವುದನ್ನು ಮುಂದೆ ತಂದರೆ ಖರ್ಚಿಲ್ಲ. ಹಾಜರಿ ಮೂರನೆಯದು.

ಕಳೆದ ವಾರ 30 ದಾಖಲಾತಿ, ಈ ವಾರ 24. ಬದಲಾವಣೆ ತಪ್ಪಾಯಿತೇ?

ಹಾಗೆನ್ನಲು ಸಾಲದು. ಇಂಥ ಸಣ್ಣ ಎಣಿಕೆಗಳು ಯಾವ ಕಾರಣವೂ ಇಲ್ಲದೆ ವರ್ಗಮೂಲದಷ್ಟು ಅತ್ತಿತ್ತ ಆಡುತ್ತವೆ. 30ರ ವರ್ಗಮೂಲ ಐದೂವರೆ. ಅದರ ಎರಡರಷ್ಟು ಅಂದರೆ 19ರಿಂದ 41ರವರೆಗೆ ಬಂದರೂ ಬರೀ ಅದೃಷ್ಟವೇ ಇರಬಹುದು. ಹಾಗಾಗಿ ಬದಲಾವಣೆ ಫಲಿಸಿತೇ ಎಂದು ಕೊನೆಯ ಅಂಕಿಯಲ್ಲಿ ಹುಡುಕಬೇಡಿ, ಬದಲಾವಣೆ ಮಾಡಿದ ಹಂತದಲ್ಲೇ ಹುಡುಕಿ. ಪರಿಚಯ ಕಡಿಮೆ ಮಾಡಿದ್ದರೆ 8:20ಕ್ಕೆ ಎಷ್ಟು ಜನ ಉಳಿದರು ಎಂದು ನೋಡಿ. ಅಲ್ಲಿ ನೂರಾರು ಜನ ಇರುವುದರಿಂದ ವ್ಯತ್ಯಾಸ ಬೇಗ ಕಾಣುತ್ತದೆ. ನಾಲ್ಕು ವಾರದ ದಾಖಲಾತಿ ಕೂಡಿಸಿದ ಮೇಲೆ ಕೊನೆಯ ಅಂಕಿಯ ಮಾತು.

ಎಷ್ಟು ದಿನ ಕಾದು ಲೆಕ್ಕ ಮುಚ್ಚಬೇಕು?

ನಾನು ಏಳು ದಿನ ಇಟ್ಟುಕೊಂಡಿದ್ದೇನೆ, ಮತ್ತು ಯಾವತ್ತೂ ತಿಂಗಳ ಪ್ರಕಾರ ಲೆಕ್ಕ ಮಾಡುವುದಿಲ್ಲ. ತಿಂಗಳ ಕೊನೆಯ ಭಾನುವಾರ ಬಂದವರು ಮುಂದಿನ ತಿಂಗಳು ಕಟ್ಟುತ್ತಾರೆ, ಸಂಬಳ ಬರುವುದೂ ಆಗಲೇ. ಪ್ರತಿ ವೆಬಿನಾರ್ ಒಂದು ತಂಡ, ಅವರ ಹಣ ಯಾವತ್ತು ಬಂದರೂ ಅದೇ ತಂಡಕ್ಕೆ. ಈ ವಾರದ ಎರಡನೇ ದಿನವನ್ನು ಕಳೆದ ವಾರದ ಎರಡನೇ ದಿನದ ಜೊತೆಗೇ ಹೋಲಿಸಬೇಕು. ಹಣ ವಾಪಸ್ ಕೇಳಿದವರನ್ನು ವಾಪಸಿನ ಅವಧಿ ಮುಗಿದ ಮೇಲೆ ಅದೇ ತಂಡದಿಂದ ಕಳೆಯಿರಿ.

ರೆಕಾರ್ಡಿಂಗ್ ನೋಡಿ ಕಟ್ಟಿದವರು ಯಾವ ಹಂತಕ್ಕೆ ಸೇರುತ್ತಾರೆ?

ನೇರ ಹಾಜರಿಗೆ ಸೇರಿಸಬೇಡಿ. ಬಾರದ 1,410 ಜನರಿಗೆ ರೆಕಾರ್ಡಿಂಗ್ ಕಳಿಸಿದರೆ ಅದು ಪಕ್ಕದ ಇನ್ನೊಂದು ಕಾಲುವೆ: ಲಿಂಕ್ ತಲುಪಿದವರು, ತೆರೆದವರು, ಬೆಲೆ ಹೇಳುವ ನಿಮಿಷದವರೆಗೆ ನೋಡಿದವರು, ಕಟ್ಟಿದವರು. ಅದಕ್ಕೆ ಬೇರೆಯೇ ಪಾವತಿ ಲಿಂಕ್ ಕೊಡಿ. ಎರಡಕ್ಕೂ ಒಂದೇ ಲಿಂಕ್ ಇಟ್ಟರೆ ಯಾರು ಯಾವ ಕಡೆಯಿಂದ ಬಂದರೆಂದು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.